ಆಟೋಪೇಗೆ ಎರಡೇ ಸಾಲು

ಕಳೆದ ಮೂರು ವಾರದಿಂದ ಎರಡು ಸಾಲು ಬರೆಯುತ್ತಿದ್ದೇನೆ. ನನ್ನ ಕೆಲಸವೇ ಅದು. ಒಂದು ಆ್ಯಪ್‌ನಲ್ಲಿ ಬಟನ್ ಮೇಲೆ, ಬಟನ್ ಕೆಳಗೆ ಬರುವ ಕನ್ನಡ ಸಾಲುಗಳನ್ನು ಬರೆಯುವುದು. ಈ ಸಲ ಕೈಗೆ ಬಂದದ್ದು ಯುಪಿಐ ಆಟೋಪೇ ಬಟನ್. ಮೊದಲ ವಾರ ಒಂದು ರೂಪಾಯಿ, ಆಮೇಲೆ ತಿಂಗಳಿಗೆ 199 ರೂಪಾಯಿ ತಾನಾಗಿ ಕಟ್ ಆಗುವ ವ್ಯವಸ್ಥೆ. ಬಟನ್ ಒತ್ತುವ ಮುನ್ನ ಜನ ಓದುವುದು ಅದರ ಕೆಳಗಿನ ಸಣ್ಣಕ್ಷರದ ಎರಡು ಸಾಲನ್ನು ಮಾತ್ರ. ನಿಯಮಗಳ ಪುಟವನ್ನು ಯಾರೂ ತೆರೆಯುವುದಿಲ್ಲ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಆ ಎರಡು ಸಾಲಿನಲ್ಲೇ ಹೇಳಬೇಕು.

ಇಂಗ್ಲಿಷ್‌ನಿಂದ ನನಗೆ ಬಂದ ಮೂಲದ ನೇರ ಅನುವಾದ ಹೀಗಿತ್ತು: "ಮಾಸಿಕವಾಗಿ ಡೆಬಿಟ್ ಮಾಡಲಾಗುವ ₹5,000 ವರೆಗಿನ ಯುಪಿಐ ಆಟೋಪೇ ಮ್ಯಾಂಡೇಟ್ ಅನ್ನು ಅಧಿಕೃತಗೊಳಿಸಿ. ಯಾವಾಗ ಬೇಕಾದರೂ ರದ್ದುಗೊಳಿಸಿ."

ಇದರಲ್ಲಿ ಸುಳ್ಳಿಲ್ಲ. ಆದರೂ ಹಾಸನದಲ್ಲಿರುವ ನಮ್ಮ ಸೋದರತ್ತೆಗೆ ಫೋನಿನಲ್ಲೇ ತೋರಿಸಿ ಕೇಳಿದೆ. "ಅತ್ತೆ, ಇದನ್ನ ಓದಿ. ಏನು ಅರ್ಥ ಆಯ್ತು ಹೇಳಿ."

"ಐದು ಸಾವಿರ ಕಟ್ಟಬೇಕು ಅಂತಿದೆ ಕಣಪ್ಪ. ತಿಂಗಳಾ ತಿಂಗಳಾ. ಅಷ್ಟೊಂದು ಯಾಕೆ?"

"ಕೊನೇ ಸಾಲು?"

"ರದ್ದು ಮಾಡು ಅಂತಿದೆ. ಮಾಡಿಸ್ಕೊಳ್ಳೋಕೆ ಮುಂಚೆನೇ ಯಾಕೆ ರದ್ದು ಮಾಡು ಅಂತಾರೆ?"

ಅತ್ತೆ ಓದಿದ್ದು ಸರಿಯೇ. ತಪ್ಪಿರುವುದು ಸಾಲಿನಲ್ಲಿ. ಇಂಗ್ಲಿಷ್‌ನಲ್ಲಿ ಆ ಕೊನೆಯ ಮಾತು ಭರವಸೆಯಾಗಿ ಕೇಳುತ್ತದೆ, ಕನ್ನಡದಲ್ಲಿ "ರದ್ದುಗೊಳಿಸಿ" ಅಂದರೆ ಅಪ್ಪಣೆ. "ರದ್ದು ಮಾಡಬಹುದು" ಎಂದಿದ್ದರೆ ಮಾತ್ರ ಅದು ಅನುಕೂಲ ಅನ್ನಿಸುತ್ತಿತ್ತು. ಐದು ಸಾವಿರದ ಗೊಂದಲ ಇದಕ್ಕಿಂತ ದೊಡ್ಡದು, ಅದನ್ನು ಬಿಡಿಸಲು ಆಟೋಪೇ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು.

ಮ್ಯಾಂಡೇಟ್ ಅಂದರೆ ನಾವು ಬ್ಯಾಂಕಿಗೆ ಮೊದಲೇ ಕೊಟ್ಟಿಡುವ ಒಪ್ಪಿಗೆ. ಇಂಥ ಕಂಪನಿ, ಇಷ್ಟು ದಿನಕ್ಕೊಮ್ಮೆ, ಈ ತಾರೀಕಿನಿಂದ ಆ ತಾರೀಕಿನವರೆಗೆ, ನನ್ನ ಖಾತೆಯಿಂದ ದುಡ್ಡು ತೆಗೆದುಕೊಳ್ಳಬಹುದು ಎಂಬ ಒಪ್ಪಿಗೆ. ಮೊತ್ತವನ್ನು ಎರಡು ಬಗೆಯಲ್ಲಿ ಬರೆಯಬಹುದು: ಖಚಿತವಾಗಿ ಇಷ್ಟೇ ಎಂದು, ಇಲ್ಲವೇ ಇಷ್ಟರವರೆಗೆ ಎಂದು. ತುಂಬ ಕಂಪನಿಗಳು ಎರಡನೆಯದನ್ನು ಆರಿಸುತ್ತವೆ, ಮಿತಿಯನ್ನೂ ದೊಡ್ಡದಾಗಿಯೇ ಹಾಕುತ್ತವೆ. ನಾಳೆ ಚಂದಾ 199ರಿಂದ 249 ಆದರೆ ಗಿರಾಕಿಯಿಂದ ಮತ್ತೆ ಒಪ್ಪಿಗೆ ಕೇಳುವ ಗೋಜಿಲ್ಲವಲ್ಲ. ಅಂದರೆ ಐದು ಸಾವಿರ ಎನ್ನುವುದು ಕಟ್ಟಬೇಕಾದ ದುಡ್ಡಲ್ಲ. ಬಾಗಿಲು ಎಷ್ಟು ಅಗಲ ತೆರೆದಿದೆ ಎಂಬ ಲೆಕ್ಕ ಅದು.

ಅತ್ತೆಗೆ ಇದನ್ನು ವಿವರಿಸಲು ಮೊದಲು ಹಾಲಿನವರ ಲೆಕ್ಕದ ಹೋಲಿಕೆ ಕೊಟ್ಟೆ. ತಿಂಗಳಿಗೊಮ್ಮೆ ಹಾಲಿನವರಿಗೆ ಕೊಡುತ್ತೀರಲ್ಲ, ಹಾಗೆ ಎಂದೆ. ಅವರು ತಕ್ಷಣ ಹಿಡಿದರು: "ಹಾಲಿನವನು ಬಾಗಿಲಿಗೆ ಬಂದು ಕೇಳ್ತಾನೆ. ನಾನು ಎಣಿಸಿ ಕೊಡ್ತೀನಿ. ಇದು ಕೇಳಲ್ವಲ್ಲ." ನಿಜ. ಹೋಲಿಕೆ ಕೆಟ್ಟಿದ್ದು ಮುಖ್ಯವಾದ ಜಾಗದಲ್ಲೇ. ಆಮೇಲೆ ಮಾವನವರು ಸಾಲದ ಕಂತಿಗೆಂದು ಮುಂದಿನ ತಾರೀಕು ಹಾಕಿ ಸಹಿ ಮಾಡಿ ಕೊಟ್ಟಿದ್ದ ಚೆಕ್ಕುಗಳನ್ನು ನೆನಪಿಸಿದೆ. ಸಹಿ ಒಂದೇ ಸಲ, ಆಮೇಲೆ ಅವರು ಹಾಕಿಕೊಳ್ಳುತ್ತಾ ಹೋಗುತ್ತಾರೆ. "ಹಾಗನ್ನು ಮತ್ತೆ" ಎಂದರು. ಇಲ್ಲಿ ಸಹಿಯ ಜಾಗದಲ್ಲಿರುವುದು ಮೊದಲ ದಿನ ಹಾಕುವ ಪಿನ್. ಅದಾದ ಮೇಲೆ ಪ್ರತಿ ಕಂತು ₹15,000ದ ಒಳಗಿದ್ದರೆ ಪಿನ್ ಕೇಳದೆಯೇ ಹೋಗುತ್ತದೆ. ಮ್ಯೂಚುವಲ್ ಫಂಡ್, ವಿಮೆಯ ಕಂತು, ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಈ ಮಿತಿಯನ್ನು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷಕ್ಕೆ ಏರಿಸಿದೆ.

ಅತ್ತೆಯ ಪ್ರಶ್ನೆಯಿಂದ ನನಗೊಂದು ದಾರಿ ಸಿಕ್ಕಿತು. ಅವರಿಗೆ ಆಟೋಪೇ ಏನು ಎಂಬುದು ಬೇಕಿರಲಿಲ್ಲ. ಎಷ್ಟು ಹೋಗುತ್ತೆ, ಯಾವಾಗ ಹೋಗುತ್ತೆ, ಕೇಳಿ ಹೋಗುತ್ತಾ ಕೇಳದೆ ಹೋಗುತ್ತಾ, ನಿಲ್ಲಿಸೋದು ಎಲ್ಲಿ, ಇಷ್ಟೇ ಬೇಕಿತ್ತು. ಮ್ಯಾಂಡೇಟ್, ಅಧಿಕೃತ, ಡೆಬಿಟ್, ಮಾಸಿಕವಾಗಿ ಎಲ್ಲವನ್ನೂ ತೆಗೆದುಹಾಕಿದೆ. ಎರಡನೇ ಕರಡು ಹೀಗಾಯಿತು:

"ಪ್ರತಿ ತಿಂಗಳು ₹199 ನಿಮ್ಮ ಖಾತೆಯಿಂದ ತಾನಾಗಿ ಹೋಗುತ್ತದೆ. ಇನ್ನು ಮುಂದೆ ಪ್ರತಿ ಸಲ ಪಿನ್ ಕೇಳುವುದಿಲ್ಲ."

ನನ್ನ ಫೋನಿನಲ್ಲಿ ಚೆನ್ನಾಗಿ ಕಂಡಿತು. ಅತ್ತೆಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ, ಕನ್ನಡಕ ಹುಡುಕುವ ಕಷ್ಟ ಬೇಡವೆಂದು. ಅಲ್ಲಿ ಎರಡನೇ ಸಾಲು ಕೊನೆಗೆ ತುಂಡಾಗಿ ಹೀಗೆ ನಿಂತಿತ್ತು: "ಇನ್ನು ಮುಂದೆ ಪ್ರತಿ ಸಲ ಪಿನ್ ಕೇಳು…"

ನೋಡಿ ನನಗೆ ಮೈ ಜುಮ್ಮೆಂದಿತು. ಅರ್ಥ ಪೂರ್ತಿ ತಿರುಗಿಬಿಟ್ಟಿದೆ. ಇಂಗ್ಲಿಷ್‌ನಲ್ಲಿ "ಇಲ್ಲ" ಎನ್ನುವ ಮಾತು ಕ್ರಿಯಾಪದಕ್ಕೆ ಮುಂಚೆ ಬರುತ್ತದೆ, ವಾಕ್ಯದ ಬಾಲ ಕತ್ತರಿಸಿದರೂ ಅದು ಉಳಿಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಇಲ್ಲ ಎಂಬುದು ಅದಕ್ಕೂ ಕೊನೆಗೆ. ತೆರೆ ಚಿಕ್ಕದಾಗಿ ಸಾಲು ತುಂಡಾದರೆ ಮೊದಲು ಹೋಗುವುದೇ ಆ "ಇಲ್ಲ". ಹಣದ ವಿಷಯದಲ್ಲಿ ಅದು ಹೋದರೆ ಎಲ್ಲವೂ ಹೋದಂತೆ.

ಜಾಗದ ಲೆಕ್ಕದಲ್ಲೂ ನಮಗೆ ಅನ್ಯಾಯವಿದೆ. "ಕೇಳುವುದಿಲ್ಲ" ಎಂಬ ಮಾತು ನಮ್ಮ ಕಣ್ಣಿಗೆ ಐದು ಅಕ್ಷರ: ಕೇ, ಳು, ವು, ದಿ, ಲ್ಲ. ಕಂಪ್ಯೂಟರ್ ಎಣಿಸುವುದು ಹನ್ನೊಂದು. ಅದಕ್ಕೆ ಕ ಬೇರೆ, ಏತ್ವ ಬೇರೆ, ಒತ್ತಕ್ಷರ ಮಾಡುವ ಹಲಂತ ಚಿಹ್ನೆಯೂ ಬೇರೆ. "ಸ್ತ್ರೀ" ಎಂಬ ಒಂದೇ ಅಕ್ಷರ ಆರು ಎಂದು ಎಣಿಕೆಯಾಗುತ್ತದೆ. ಇಂಗ್ಲಿಷ್ ಅಳತೆಗೆ ಹಾಕಿದ ಮಿತಿಯಲ್ಲೇ ನಾವೂ ಬರೆಯಬೇಕು. ನಮ್ಮ ಡಿಸೈನ್ ತಂಡದವರಿಗೆ ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದ ಮೇಲೆ, ಕನ್ನಡಕ್ಕೆ ಇಂಥ ಕಡೆ ಸಾಲು ಕತ್ತರಿಸದೆ ಮೂರನೇ ಸಾಲಿಗೆ ಇಳಿಯಲು ಬಿಡಲು ಒಪ್ಪಿದರು. ಆದರೂ ತುಂಡಾಗುವುದೇ ಇಲ್ಲ ಎಂದು ನಂಬಿ ಬರೆಯಲಾಗದು.

ಅದಕ್ಕೆ ನಾನು ಕಂಡುಕೊಂಡ ಉಪಾಯ ನಮ್ಮ ವ್ಯಾಕರಣದಲ್ಲೇ ಇದೆ. "ಕೇಳದೆ", "ಇಲ್ಲದೆ", "ಹೇಳದೆ". ನಿಷೇಧವನ್ನು ಒಡಲಲ್ಲೇ ಇಟ್ಟುಕೊಂಡ ಈ ರೂಪಗಳು ವಾಕ್ಯದ ನಡುವೆ ಕೂರುತ್ತವೆ. "ಪಿನ್ ಕೇಳದೆ ಹೋಗುತ್ತದೆ" ಎಂದಾಗ ಬಾಲ ಹೋದರೂ "ಪಿನ್ ಕೇಳದೆ" ಉಳಿಯುತ್ತದೆ. ಮೊತ್ತವಂತೂ ಎಲ್ಲಕ್ಕಿಂತ ಮುಂದೆ ಇರಬೇಕು.

ಇನ್ನೊಂದು ವಿಷಯವನ್ನು ಎರಡನೇ ಕರಡು ಮುಚ್ಚಿಟ್ಟಿತ್ತು. ಅತ್ತೆಗೆ ಹೋದ ವರ್ಷ ನಿಜಕ್ಕೂ ದುಡ್ಡು ಹೋಗಿತ್ತು, ಬೇರೊಂದು ಹಾಡಿನ ಆ್ಯಪ್‌ಗೆ. ಒಂದು ರೂಪಾಯಿ ಅಂತ ಒತ್ತಿದರು, ವಾರ ಕೇಳಿದರು, ಬೇಡವಾಯಿತು, ಆ್ಯಪ್ ಅಳಿಸಿದರು. ಮುಗಿಯಿತು ಅಂದುಕೊಂಡರು. ಮೂರು ತಿಂಗಳು ದುಡ್ಡು ಕಟ್ ಆದ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಗೊತ್ತಾಯಿತು. ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ, ಯಾಕೆಂದರೆ ಒಪ್ಪಿಗೆ ಇರುವುದು ಆ ಆ್ಯಪ್‌ನಲ್ಲಲ್ಲ, ಬ್ಯಾಂಕಿನ ಹತ್ತಿರ. ಅದನ್ನು ನಿಲ್ಲಿಸಬೇಕಾದದ್ದು ದುಡ್ಡು ಕಳಿಸುವ ಯುಪಿಐ ಆ್ಯಪ್‌ನ ಒಳಗಿರುವ ಆಟೋಪೇ ಪಟ್ಟಿಯಲ್ಲಿ. ಎರಡು ಯುಪಿಐ ಆ್ಯಪ್ ಇಟ್ಟುಕೊಂಡವರು ಯಾವುದರಲ್ಲಿ ಒಪ್ಪಿಗೆ ಕೊಟ್ಟಿದ್ದರೋ ಅದನ್ನೇ ಮೊದಲು ತೆರೆದು ನೋಡಬೇಕು. ಈ ಒಂದು ಮಾತನ್ನು ಬಟನ್ ಕೆಳಗೆ ಬರೆಯದಿದ್ದರೆ ಉಳಿದದ್ದನ್ನೆಲ್ಲ ಎಷ್ಟು ಚೆಂದ ಬರೆದರೂ ಅದು ಪೂರ್ತಿ ಸತ್ಯವಲ್ಲ ಎಂದು ನಾನು ಹಟ ಹಿಡಿದೆ. ಮಾರಾಟದ ವಿಭಾಗದವರಿಗೆ ಇಷ್ಟವಾಗಲಿಲ್ಲ. ಒತ್ತುವ ಮುಂಚೆಯೇ ನಿಲ್ಲಿಸುವುದನ್ನು ಯಾಕೆ ಹೇಳಬೇಕು ಎಂದರು. ಒತ್ತುವ ಮುಂಚೆ ಹೇಳಿದರೆ ಮಾತ್ರ ಜನ ಓದುತ್ತಾರೆ, ಆಮೇಲೆ ಹುಡುಕುವ ಹೊತ್ತಿಗೆ ಅವರ ಕಣ್ಣೆದುರು ಆ ಸಾಲೇ ಇರುವುದಿಲ್ಲ ಎಂದೆ. ಎರಡು ದಿನ ವಾದ ನಡೆಯಿತು. ಮೂರನೇ ಕರಡು ಕೊನೆಗೆ ಹೀಗೆ ಒಪ್ಪಿಗೆಯಾಯಿತು:

"ಇವತ್ತು ₹1. 8ನೇ ದಿನದಿಂದ ತಿಂಗಳಿಗೆ ₹199, ಪಿನ್ ಕೇಳದೆ ತಾನೇ ಕಟ್ ಆಗುತ್ತದೆ. ಆ್ಯಪ್ ಅಳಿಸಿದರೆ ಸಾಲದು, ಯುಪಿಐ ಆಟೋಪೇ ಪಟ್ಟಿಯಲ್ಲಿ ನಿಲ್ಲಿಸಬೇಕು."

ಐದು ಸಾವಿರದ ಮಿತಿ ಇದರಲ್ಲಿ ಇಲ್ಲ. ನನಗೆ ಅದು ಈಗಲೂ ಚುಚ್ಚುತ್ತದೆ. ಪಿನ್ ಹಾಕುವ ಮುಂಚಿನ ಯುಪಿಐ ಪರದೆಯಲ್ಲಿ ಅದು ಕಾಣುತ್ತದೆ, ಅಲ್ಲಿ ಜನ ಬೆಚ್ಚುತ್ತಾರೆ. ಮಾತಿನಿಂದ ಸರಿಮಾಡುವುದಕ್ಕಿಂತ ಮಿತಿಯನ್ನೇ ಇಳಿಸಿ ಎಂದು ಬರೆದುಕೊಟ್ಟಿದ್ದೇನೆ. 199ರ ಚಂದಾಗೆ ಐದು ಸಾವಿರದ ಬಾಗಿಲು ಯಾಕೆ ಬೇಕು?

ಅತ್ತೆಗೆ ಹೊಸ ಸಾಲು ತೋರಿಸಿದಾಗ "ಅರ್ಥ ಆಯ್ತಾ" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ನಮ್ಮ ಮನಸ್ಸು ನೋಯಬಾರದು ಎಂದು. "ಇವತ್ತು ಒಂದನೇ ತಾರೀಕು ಒತ್ತಿದ್ರಿ ಅಂತಿಟ್ಕೊಳ್ಳಿ. ಹತ್ತನೇ ತಾರೀಕು ನಿಮ್ಮ ಅಕೌಂಟಲ್ಲಿ ಏನಾಗಿರುತ್ತೆ?" ಎಂದು ಕೇಳಿದೆ.

"ಇನ್ನೂರು ರೂಪಾಯಿ ಹೋಗಿರುತ್ತೆ. ಒಂದು ಮೊದಲೇ ಹೋಗಿರುತ್ತೆ, ನೂರ ತೊಂಬತ್ತೊಂಬತ್ತು ಆಮೇಲೆ."

ಕೂಡಿಸಿಯೇ ಹೇಳಿದರು. ನನಗೆ ಖುಷಿಯಾಯಿತು.

ಆದರೆ ನಿಲ್ಲಿಸುವ ಕಡೆ ಇನ್ನೊಂದು ಗಂಟು ಸಿಕ್ಕಿತು. ಆಟೋಪೇ ಪಟ್ಟಿಗೆ ಹೋಗಿ ರದ್ದು ಒತ್ತಿದರೆ ಪಿನ್ ಕೇಳುತ್ತದೆ. ಅತ್ತೆ ಫೋನ್ ಕೆಳಗಿಟ್ಟುಬಿಟ್ಟರು. ಪಿನ್ ಹಾಕಿದರೆ ದುಡ್ಡು ಹೋಗುತ್ತೆ, ದುಡ್ಡು ಬರೋದಕ್ಕೆ ಪಿನ್ ಬೇಡ ಎಂದು ಎಲ್ಲ ಎಚ್ಚರಿಕೆಗಳಲ್ಲೂ ಕಲಿಸಿದ್ದೇವೆ, ನಾನೇ ಅವರಿಗೆ ಹತ್ತು ಸಲ ಹೇಳಿದ್ದೇನೆ. ಕಲಿತ ಪಾಠವೇ ಇಲ್ಲಿ ಅಡ್ಡ ಬಂತು. ಇಲ್ಲಿ ಪಿನ್ ಕೇಳುವುದು ನಿಲ್ಲಿಸುತ್ತಿರುವವರು ಖಾತೆಯ ಒಡೆಯರೇ ಎಂದು ಖಾತ್ರಿ ಮಾಡಿಕೊಳ್ಳಲು. ಆ ಪರದೆ ನಮ್ಮದಲ್ಲ, ಅಲ್ಲಿ ಬರೆಯಲು ನನಗೆ ಅಧಿಕಾರವಿಲ್ಲ. ನಮ್ಮ ಸಹಾಯ ಪುಟದಲ್ಲಿ ಮಾತ್ರ ಸೇರಿಸಿದೆ: "ನಿಲ್ಲಿಸಲೂ ಪಿನ್ ಕೇಳುತ್ತದೆ. ಹಾಕಿ, ಹಣ ಹೋಗದು."

ಇನ್ನುಳಿದಿರುವುದು ಎಸ್ಸೆಮ್ಮೆಸ್. ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂಬ ನಿಯಮವಿದೆ. ಅತ್ತೆಗೂ ಮೂರು ತಿಂಗಳೂ ಬಂದಿತ್ತು, ಇಂಗ್ಲಿಷ್‌ನಲ್ಲಿ, ಉದ್ದವಾಗಿ. ಜಾಹೀರಾತು ಎಂದು ಅಳಿಸಿದ್ದರು. ಕನ್ನಡದಲ್ಲಿ ಕಳಿಸಿದರೆ ಒಂದು ಎಸ್ಸೆಮ್ಮೆಸ್‌ಗೆ ಸಿಗುವುದು 70 ಸ್ಥಾನ, ಇಂಗ್ಲಿಷ್‌ಗಾದರೆ 160. ನಿನ್ನೆ ರಾತ್ರಿ ಕೂತು ಇಷ್ಟು ಬರೆದೆ:

"ಜೂನ್ 5ಕ್ಕೆ ₹199 ಹೋಗುತ್ತದೆ. ಬೇಡವಾದರೆ ಮೊದಲೇ ಆಟೋಪೇ ನಿಲ್ಲಿಸಿ."

ಕಂಪ್ಯೂಟರ್ ಲೆಕ್ಕದಲ್ಲಿ ಇದು 57. ಯಾವ ಕಂಪನಿಗೆ ಹೋಗುತ್ತದೆ ಎಂದು ಹೇಳಲು 13 ಸ್ಥಾನ ಉಳಿದಿದೆ. ಚಿಕ್ಕ ಹೆಸರಿನವರಿಗೆ ಸಾಕು. ದೊಡ್ಡ ಹೆಸರಿನವರಿಗೆ ಯಾವ ಮಾತನ್ನು ಬಿಡುವುದು ಎಂದು ಇವತ್ತು ಮತ್ತೆ ಕೂರಬೇಕು.