ಅಮ್ಮನ ಫೋನಿಗೆ ಐಎಸ್‌ಡಿ ಬೀಗ

ನಮ್ಮಮ್ಮನ ಮೊಬೈಲ್ ಬಿಲ್ ತಿಂಗಳಿಗೆ 470 ರೂಪಾಯಿ 82 ಪೈಸೆ. 399ರ ಪ್ಲಾನು, ಅದಕ್ಕೆ 18% ಜಿಎಸ್‌ಟಿ. ನನ್ನ ಈಮೇಲಿಗೆ ಬರುತ್ತದೆ, ತಾನಾಗಿ ಕಟ್ಟಿಹೋಗುತ್ತದೆ, ನಾನು ತೆರೆದು ನೋಡುವುದೇ ಇಲ್ಲ. ಹೋದ ಮಳೆಗಾಲದಲ್ಲಿ ಒಂದು ತಿಂಗಳು 2,948 ರೂಪಾಯಿ 82 ಪೈಸೆ ಹೋಯಿತು. ಆಗ ತೆರೆದು ನೋಡಿದೆ. ಒಂದೇ ರಾತ್ರಿ ಮೂರು ಕರೆ, ಮೂರೂ +224 ಅಂತ ಶುರುವಾಗುವ ಒಂದೇ ನಂಬರಿಗೆ. ಒಂಬತ್ತು ನಿಮಿಷ, ಏಳು ನಿಮಿಷ, ಐದು ನಿಮಿಷ. ನಿಮಿಷಕ್ಕೆ 100 ರೂಪಾಯಿಯಂತೆ 2,100, ಅದರ ಮೇಲೆ ಮತ್ತೆ ಜಿಎಸ್‌ಟಿ.

+224 ಅಂದರೆ ಪಶ್ಚಿಮ ಆಫ್ರಿಕಾದ ಗಿನಿ ದೇಶ. ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿರುವ ಅಮ್ಮನಿಗೆ ಅಲ್ಲಿ ಯಾರಿದ್ದಾರೆ?

ಕೇಳಿದೆ. "ನೀನೇ ಅಲ್ವಾ ಮಾಡಿದ್ದು? ಒಂದು ರಿಂಗ್ ಆಗಿ ನಿಂತುಹೋಯಿತು. ಮುಂದೆ ಪ್ಲಸ್ ಇತ್ತು, ನಾಲ್ಕೂ ಇತ್ತು. ಏನೋ ಆಗಿದೆ ಅಂತ ನಾನೇ ತಿರುಗಿ ಮಾಡಿದೆ. ಎಷ್ಟು ಹೊತ್ತು ರಿಂಗ್ ಆದರೂ ನೀನು ಎತ್ತಲೇ ಇಲ್ಲ" ಅಂದರು.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನನ್ನ ನಂಬರ್ +44. ಕನ್ನಡಕ ಇಲ್ಲದೆ, ಕರೆಂಟಿಲ್ಲದ ರಾತ್ರಿಯಲ್ಲಿ +224ಕ್ಕೂ +44ಕ್ಕೂ ಏನು ವ್ಯತ್ಯಾಸ ಕಾಣುತ್ತದೆ? ಹೊರದೇಶದ ನಂಬರ್ ಕಂಡರೆ ಎತ್ತಬೇಡಿ, ತಿರುಗಿ ಮಾಡಬೇಡಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಮಕ್ಕಳು ಹೊರದೇಶದಲ್ಲಿರುವ ತಾಯಿಗೆ ಈ ಮಾತು ಹೇಳಿ ಏನು ಪ್ರಯೋಜನ? ಹೊರದೇಶದ ನಂಬರ್ ಅಂದರೆ ಅವರಿಗೆ ಮಗನೇ.

ಈ ಮೋಸಕ್ಕೆ ಜಪಾನಿ ಭಾಷೆಯ ಹೆಸರಿದೆ, ವಾಂಗಿರಿ. ಒಂದು ರಿಂಗ್ ಮಾಡಿ ಕತ್ತರಿಸುವುದು ಅಂತ ಅರ್ಥ. ನಾವು ತಿರುಗಿ ಮಾಡಿದ ಕರೆಗೆ ನಮ್ಮ ಕಂಪನಿ ಆ ದೇಶದ ಕಡೆಯವರಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಅದರಲ್ಲಿ ಒಂದು ಪಾಲು ಆ ನಂಬರ್ ಇಟ್ಟುಕೊಂಡವನಿಗೆ ಹೋಗುತ್ತದೆ. ಆದ್ದರಿಂದ ನಮ್ಮನ್ನು ಲೈನಿನಲ್ಲಿ ಹಿಡಿದಿಡುವುದೇ ಅವನ ಕೆಲಸ. ಅಮ್ಮ ಕೇಳಿದ ರಿಂಗ್ ನಿಜವಾದ ರಿಂಗ್ ಅಲ್ಲ. ಕರೆಯನ್ನು ಆ ಕಡೆ ಆಗಲೇ ಎತ್ತಿ, ರಿಂಗಿನ ರೆಕಾರ್ಡಿಂಗ್ ಹಾಕಿರುತ್ತಾರೆ. ಇದನ್ನು ಕಂಡುಹಿಡಿಯುವುದು ಸುಲಭ: ಕಿವಿಯಲ್ಲಿ ರಿಂಗ್ ಕೇಳುತ್ತಿರುವಾಗಲೇ ಫೋನಿನ ಪರದೆಯ ಮೇಲೆ 00:01, 00:02 ಅಂತ ಗಡಿಯಾರ ಓಡುತ್ತಿದ್ದರೆ ಕರೆ ಎತ್ತಿಯಾಗಿದೆ ಅಂತ ಅರ್ಥ. ಆದರೆ ಫೋನನ್ನು ಕಿವಿಗೆ ಒತ್ತಿ ಹಿಡಿದವರು ಪರದೆ ನೋಡುವುದು ಎಲ್ಲಿಂದ?

ಕಂಪನಿಗೆ ದೂರು ಕೊಟ್ಟೆ. ಕರೆ ನಿಮ್ಮ ಫೋನಿನಿಂದಲೇ ಹೋಗಿದೆ, ವಾಪಸ್ ಕೊಡಲಾಗುವುದಿಲ್ಲ ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಅಮ್ಮ ಆ ಕನೆಕ್ಷನ್ನಿನಿಂದ ನನಗೆ ಒಂದೇ ಒಂದು ಸಲವೂ ನೇರವಾಗಿ ಫೋನ್ ಮಾಡಿರಲಿಲ್ಲ. ನಾವು ಮಾತಾಡುವುದೆಲ್ಲ ವಾಟ್ಸ್ಯಾಪ್‌ನಲ್ಲಿ. ಹಾಗಿದ್ದರೂ ಐಎಸ್‌ಡಿ ಬಾಗಿಲು ತೆರೆದೇ ಇತ್ತು. ತೆರೆದಿದೆ ಅಂತ ನನಗೂ ಗೊತ್ತಿರಲಿಲ್ಲ.

ಇಲ್ಲಿ ನನ್ನ ಮಗಳಿಗೆ ಹನ್ನೊಂದು ವರ್ಷ ಆದಾಗ ಫೋನ್ ಕೊಡಿಸಿದೆವು. ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆಗಳಲ್ಲೇ ಒಂದು, ಬಿಲ್ಲಿಗೆ ಮಿತಿ ಎಷ್ಟು ಇಡಲಿ ಅಂತ. 2018ರ ಅಕ್ಟೋಬರ್‌ನಿಂದ ಇಲ್ಲಿ ಅದು ಕಾನೂನು. ಹೊಸದಾಗಿ ಕಾಂಟ್ರಾಕ್ಟ್ ಮಾಡುವವರಿಗೂ ಹಳೆಯದನ್ನು ಮುಂದುವರಿಸುವವರಿಗೂ ಮೊಬೈಲ್ ಕಂಪನಿ ಬಿಲ್ಲಿನ ಮಿತಿ ಹಾಕಿಕೊಳ್ಳುವ ಅವಕಾಶ ಕೊಡಲೇಬೇಕು. ನಾವು ಪ್ಲಾನಿನ ಮೇಲೆ 5 ಪೌಂಡ್ ಅಂತ ಇಟ್ಟೆವು. ಈ ದೇಶದಲ್ಲಿ 09ರಿಂದ ಶುರುವಾಗುವ ನಂಬರುಗಳಿವೆ. ಜ್ಯೋತಿಷ್ಯ, ಸ್ಪರ್ಧೆ, ಟಿವಿ ಕಾರ್ಯಕ್ರಮದ ವೋಟು ಇಂಥವು. ಅವುಗಳಲ್ಲಿ ನಿಮಿಷಕ್ಕೆ 3 ಪೌಂಡ್ 60 ಪೆನ್ಸ್‌ವರೆಗೆ ಸೇವೆಯ ಚಾರ್ಜ್ ಇರಬಹುದು, ಅದರ ಮೇಲೆ ಫೋನ್ ಕಂಪನಿಯ ಚಾರ್ಜ್ ಬೇರೆ. ಅಂದರೆ ಎರಡು ನಿಮಿಷ ಆಗುವ ಮೊದಲೇ ನಮ್ಮ 5 ಪೌಂಡ್ ಮುಗಿಯುತ್ತದೆ. ಮುಗಿಯಲಿ. ಮಗು ಒಂದು ಸಲ ಎಡವಿದರೆ ಕಳೆದುಕೊಳ್ಳುವುದು ಎಷ್ಟು ಅಂತ ನಮಗೆ ಮೊದಲೇ ಗೊತ್ತಿರುತ್ತದೆ.

ಇದೇ ವ್ಯವಸ್ಥೆ ಇಂಡಿಯಾದಲ್ಲೂ ಬೇಕು ಅಂತ ನಾನು ಕೆಲವು ದಿನ ಸ್ನೇಹಿತರ ಜೊತೆ ವಾದ ಮಾಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮಿತಿ ಅನ್ನುವುದು ದುಡ್ಡನ್ನು ಎಣಿಸುತ್ತದೆ, ಕರೆ ಎಲ್ಲಿಗೆ ಹೋಗುತ್ತಿದೆ ಅಂತ ಕೇಳುವುದಿಲ್ಲ. ನಮ್ಮಲ್ಲೂ ಪೋಸ್ಟ್‌ಪೇಯ್ಡ್‌ಗೆ ಕ್ರೆಡಿಟ್ ಲಿಮಿಟ್ ಅಂತ ಒಂದು ಇದ್ದೇ ಇದೆ. ಅದನ್ನು ದಾಟಿದರೆ ಹೊರಹೋಗುವ ಕರೆಯನ್ನೇ ನಿಲ್ಲಿಸಬಹುದು. ಜುಲೈ ತಿಂಗಳು, ರಸ್ತೆಗೆ ಮರ ಬಿದ್ದಿದೆ, ಮೂರು ದಿನದಿಂದ ಕರೆಂಟಿಲ್ಲ. ಆಗ ಗಿನಿಯ ಕಳ್ಳ ಲಿಮಿಟ್ ತಿಂದುಬಿಟ್ಟು, ಅಮ್ಮನಿಗೆ ಡಾಕ್ಟರಿಗೂ ಫೋನ್ ಮಾಡಲಾಗದಿದ್ದರೆ? ನಾನು ಪ್ರೀಪೇಯ್ಡ್ ಬಿಟ್ಟು ಪೋಸ್ಟ್‌ಪೇಯ್ಡ್ ಮಾಡಿಸಿದ್ದೇ ಮಳೆಯಲ್ಲಿ ರೀಚಾರ್ಜ್ ಮುಗಿದು ಫೋನ್ ಸತ್ತುಹೋಗಬಾರದು ಅಂತ. (ಪ್ರೀಪೇಯ್ಡ್ ಇಟ್ಟುಕೊಂಡವರಿಗೆ ಈ ತಲೆನೋವು ಕಡಿಮೆ. ಮುಖ್ಯ ಬ್ಯಾಲೆನ್ಸ್ ಸೊನ್ನೆ ಇದ್ದರೆ ಐಎಸ್‌ಡಿ ಕರೆ ಹೋಗುವುದೇ ಇಲ್ಲ.) ಅಮ್ಮನ ಫೋನಿಗೆ ಬೇಕಾಗಿದ್ದು ಮಿತಿ ಅಲ್ಲ, ಬೀಗ. ಊರೊಳಗೆ ಎಷ್ಟು ಬೇಕಾದರೂ ಮಾತಾಡಲಿ, ದೇಶದ ಹೊರಗೆ ಮಾತ್ರ ಹೋಗಬಾರದು.

ಬೀಗ ಎಲ್ಲಿ ಹಾಕಬೇಕು ಅನ್ನುವುದರಲ್ಲೂ ನಾನು ಒಮ್ಮೆ ತಪ್ಪಿದೆ. ಮೊದಲು ಅಕ್ಕನ ಮಗನಿಗೆ ಹೇಳಿ ಆ ನಂಬರನ್ನು ಫೋನಿನಲ್ಲಿ ಬ್ಲಾಕ್ ಮಾಡಿಸಿದೆ. ಅದು ಒಳಬರುವ ಕರೆಯನ್ನು ತಡೆಯುತ್ತದೆ ಅಷ್ಟೇ, ಅದೂ ಆ ಒಂದು ನಂಬರಿನಿಂದ. ಹೊರಹೋಗುವ ಕರೆಗೆ ಅದು ಅಡ್ಡ ಬರುವುದಿಲ್ಲ. ನನಗೆ ಹಳೆಯದೊಂದು ನೆನಪಾಯಿತು. ಡಯಲ್ ತಿರುಗಿಸುವ ಫೋನಿದ್ದ ಕಾಲದಲ್ಲಿ ಡಯಲಿನ ತೂತಿಗೆ ಒಂದು ಪುಟ್ಟ ಬೀಗ ಸಿಕ್ಕಿಸುತ್ತಿದ್ದರು. ರಿಸೀವರ್ ಇಡುವ ಗುಂಡಿಯನ್ನು ಲೆಕ್ಕ ಹಾಕಿ ಟಕಟಕ ಒತ್ತಿದರೆ ಬೀಗ ಇದ್ದರೂ ನಂಬರ್ ಹೋಗುತ್ತಿತ್ತು. ನಮ್ಮ ವಯಸ್ಸಿನ ಹುಡುಗರಿಗೆಲ್ಲ ಅದು ಗೊತ್ತಿತ್ತು. ಆಮೇಲೆ ಎಕ್ಸ್‌ಚೇಂಜಿನಲ್ಲೇ ಹಾಕುವ ಎಸ್‌ಟಿಡಿ ಲಾಕ್ ಬಂದ ಮೇಲೆ ನಮ್ಮ ಆಟ ನಡೆಯಲಿಲ್ಲ. ಈಗಲೂ ಅಷ್ಟೇ. ಬೀಗ ಇರಬೇಕಾದದ್ದು ನೆಟ್‌ವರ್ಕಿನಲ್ಲಿ.

ಅದಕ್ಕೆ ದಾರಿ ಇದೆ, ಜಿಎಸ್‌ಎಂ ಫೋನು ಬಂದಾಗಿನಿಂದ ಇದೆ. ಫೋನಿನ ಸೆಟ್ಟಿಂಗ್‌ನಲ್ಲಿ Call barring ಅಂತ ಸಿಗಬಹುದು. ಇಲ್ಲದಿದ್ದರೆ ಸುಮ್ನೆ ಡಯಲ್ ಮಾಡಿದರೂ ಆಯಿತು. ವಿಡಿಯೋ ಕರೆಯಲ್ಲಿ ನಾನು ಹೇಳುತ್ತಾ ಹೋದೆ, ಅಕ್ಕನ ಮಗ ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ನಿಂತು ಅಮ್ಮನ ಫೋನಿನಲ್ಲಿ ಒತ್ತಿದ.

```
*331*0000#
*#331#
#331*0000#
```

ಮೊದಲನೆಯದು ಹೊರಹೋಗುವ ಅಂತರರಾಷ್ಟ್ರೀಯ ಕರೆಗೆ ಬೀಗ. ಎರಡನೆಯದು ಬೀಗ ಬಿದ್ದಿದೆಯೋ ಇಲ್ಲವೋ ಅಂತ ನೋಡುವುದಕ್ಕೆ. ಮೂರನೆಯದು ತೆಗೆಯುವುದಕ್ಕೆ. ನಡುವಿನ 0000 ಅನ್ನುವುದು ಬಾರಿಂಗ್ ಪಾಸ್‌ವರ್ಡ್, ಸಿಮ್ಮಿನ ಪಿನ್ ಅಲ್ಲ. ಹೆಚ್ಚಾಗಿ 0000 ಅಥವಾ 1234 ಇರುತ್ತದೆ. ಆದರೆ ಊಹೆ ಮಾಡುತ್ತಾ ಕೂರಬೇಡಿ. ಸಾಲಾಗಿ ಮೂರು ಸಲ ತಪ್ಪಿದರೆ ನೆಟ್‌ವರ್ಕ್ ಅದನ್ನು ನಮ್ಮ ಕೈಯಿಂದ ತೆಗೆದುಬಿಡುತ್ತದೆ, ಆಮೇಲೆ ಕಂಪನಿಯವರೇ ಸರಿಮಾಡಬೇಕು.

ನಮಗೆ ಮೊದಲನೇ ಸಲಕ್ಕೇ ಪರದೆಯ ಮೇಲೆ Connection problem or invalid MMI code ಅಂತ ಬಂತು. ಇದು ಪಾಸ್‌ವರ್ಡಿನ ತಪ್ಪಲ್ಲ. 4ಜಿ ಮೇಲೆ ಮಾತಾಡುವ ಈಗಿನ ಸಿಮ್ಮುಗಳಲ್ಲಿ ಈ ಹಳೆಯ ಕೋಡು ಎಲ್ಲ ಕಂಪನಿಯಲ್ಲೂ ನಡೆಯುವುದಿಲ್ಲ. ಆಗ ಉಳಿಯುವುದು 198, ಅಂದರೆ ಕಂಪನಿಯ ದೂರಿನ ನಂಬರ್. ಅದನ್ನು ನಾನು ರೆಡಿಂಗ್‌ನಿಂದ ಒತ್ತಿದರೆ ಉಪಯೋಗವಿಲ್ಲ. ಕಂಪನಿಯ ಆ್ಯಪಿನ ಒಟಿಪಿ ಕೂಡ ಅಮ್ಮನ ಫೋನಿಗೇ ಬರುತ್ತದೆ. ಕನೆಕ್ಷನ್ ಅಮ್ಮನ ಹೆಸರಿನಲ್ಲಿರುವುದರಿಂದ ಮಾತೂ ಅವರೇ ಆಡಬೇಕಾಯಿತು. ಒಂದು ಚೀಟಿಯಲ್ಲಿ ಬರೆಸಿಟ್ಟೆ: "ಐಎಸ್‌ಡಿ ಹೊರಹೋಗುವ ಕರೆ ಪೂರ್ತಿ ಬಂದ್ ಮಾಡಿ. ಒಳಬರುವುದು ಹಾಗೇ ಇರಲಿ. ದೂರಿನ ನಂಬರ್ ಕೊಡಿ." ಆ ಎರಡನೇ ವಾಕ್ಯ ಮುಖ್ಯ. ಹೊರದೇಶದಿಂದ ಬರುವ ಕರೆಗೂ ಸೇರಿಸಿ ಬೀಗ ಜಡಿದರೆ ನಾನೇ ಹೊರಗೆ ಉಳಿಯುತ್ತೇನೆ.

ಅದೇ ಕರೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಅಮ್ಮನಿಗೆ ಗೊತ್ತಿಲ್ಲದೆ ಒಂದು ಕಾಲರ್ ಟ್ಯೂನ್ ಸೇರಿಕೊಂಡಿತ್ತು. ಇಂಥ ಸೇವೆ ನಿಲ್ಲಿಸಲು ಎಲ್ಲ ಕಂಪನಿಗೂ ಒಂದೇ ನಂಬರ್ ಇದೆ, 155223. ಅದಕ್ಕೆ ದುಡ್ಡಿಲ್ಲ.

ಬೀಗ ಬಿತ್ತು ಅಂತ ಮೆಸೇಜ್ ಬಂದರೆ ನಂಬಿ ಸುಮ್ಮನಾಗಬಾರದು. ಅಮ್ಮನ ಫೋನಿನಿಂದ ನನ್ನ +44 ನಂಬರಿಗೆ ಮಾಡಿಸಿದೆ, ನನಗೆ ರಿಂಗ್ ಬಂದರೆ ಎತ್ತದೆ ಕತ್ತರಿಸುವುದು ಅಂತ ಮಾತಾಗಿತ್ತು. ಮೊದಲ ದಿನ ರಿಂಗ್ ಬಂದೇ ಬಂತು! ಎರಡನೇ ದಿನ ಬರಲಿಲ್ಲ. ಪ್ಲಸ್ ಬದಲು 00 ಹಾಕಿ ಇನ್ನೊಮ್ಮೆ ಮಾಡಿಸಿದೆ, ಆಗಲೂ ಹೋಗಲಿಲ್ಲ. ಆಮೇಲೆ ನಾನು ಇಲ್ಲಿಂದ ಮಾಡಿದೆ, ಅಮ್ಮನ ಫೋನ್ ರಿಂಗಾಯಿತು.

ಒಂದು ಕೊರತೆ ಉಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ವಾಟ್ಸ್ಯಾಪ್ ಕರೆ ಇಂಟರ್ನೆಟ್ಟಿನಲ್ಲಿ ಹೋಗುವುದರಿಂದ ಅದಕ್ಕೆ ಈ ಬೀಗ ತಾಗುವುದಿಲ್ಲ. ಆದರೆ ಕರೆಂಟ್ ಹೋಗಿ ವೈಫೈ ನಿಂತು, ಮೊಬೈಲ್ ಡೇಟಾ ಕೂಡ ತೆವಳುವ ಆ ಮೂರು ದಿನಗಳಲ್ಲಿ ಅಮ್ಮ ನನ್ನನ್ನು ನೇರವಾಗಿ ಕರೆಯಲಾರರು. ಅವರಿಗೆ ಇದು ಇಷ್ಟವಾಗಲಿಲ್ಲ. "ಎರಡು ಸಾವಿರ ಹೋದರೆ ಹೋಗಲಿ, ನಿನಗೆ ಫೋನ್ ಮಾಡೋಕೆ ಆಗದೇ ಇರೋದು ಹೇಗೆ?" ಅಂತ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮಗಳ ಫೋನಿಗೆ ಮಿತಿ ಹಾಕುವಾಗ ನಾವು ಅವಳನ್ನು ಕೇಳಿರಲಿಲ್ಲ, ಮಗು ಅಲ್ವಾ. ಅಮ್ಮನ ಫೋನಿಗೆ ಬೀಗ ಹಾಕುವಾಗಲೂ ಕೇಳಿರಲಿಲ್ಲ ಅಂತ ನನಗೆ ಆಗ ಹೊಳೆಯಿತು. ಕೊನೆಗೆ ಒಂದು ಒಪ್ಪಂದವಾಯಿತು. ತುರ್ತು ಇದ್ದರೆ ಅಮ್ಮ ಮೈಸೂರಿನಲ್ಲಿರುವ ಅಕ್ಕನಿಗೆ ಮಾಡುತ್ತಾರೆ, ಅಕ್ಕ ನನಗೆ ಹೇಳುತ್ತಾಳೆ, ನಾನು ಇಲ್ಲಿಂದ ಅಮ್ಮನಿಗೆ ಸಾದಾ ಫೋನ್ ಮಾಡುತ್ತೇನೆ.

ಈ ಜೂನ್‌ನಲ್ಲಿ ಎರಡು ಸಲ ಹಾಗೆ ಮಾಡಿದ್ದಾರೆ. ಒಂದು ಸಲ ಕೊಟ್ಟಿಗೆಯ ಹಂಚು ಹಾರಿಹೋಗಿದ್ದಕ್ಕೆ. ಇನ್ನೊಂದು ಸಲ, ಬೀಗ ಇನ್ನೂ ಇದೆಯಾ ಅಂತ ನನ್ನ ನಂಬರಿಗೆ ಮಾಡಿ ನೋಡಿದೆ, ಇದೆ, ಅಂತ ಹೇಳುವುದಕ್ಕೆ.