50% ಯಾವುದರ ಮೇಲೆ? ಪೆಟ್ಟಿಗೆಯ ಎಂಆರ್‌ಪಿಯೋ, ಅಂಗಡಿಯ ಹಳೇ ರೇಟೋ?

ಗೃಹೋಪಯೋಗಿ ವಸ್ತುಗಳ ಅಂಗಡಿಯವರು ಹಬ್ಬದ ರಿಯಾಯಿತಿ ಹಾಕುವಾಗ ಪೆಟ್ಟಿಗೆಯ ಮೇಲೆ ಅಚ್ಚಾದ ಎಂಆರ್‌ಪಿಯನ್ನು ಬಿಟ್ಟು, ತಾವು ನಿಜವಾಗಿ ಮಾರುತ್ತಿದ್ದ ಬೆಲೆಯಿಂದ ಲೆಕ್ಕ ಹಾಕಬೇಕೇ? ಇಬ್ಬರು ಬರಹಗಾರರೂ ಒಂದೇ ಮಿಕ್ಸಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ವಾದಿಸಿದ್ದಾರೆ. ಅಂಕಿಗಳು ಲೆಕ್ಕಕ್ಕೆಂದು ಕಲ್ಪಿಸಿದವು.

ಪರ: ಯಾರೂ ಕೊಡದ ಬೆಲೆಯನ್ನು ‘ಹಳೇ ಬೆಲೆ’ ಎನ್ನಬಾರದು

ಪೆಟ್ಟಿಗೆಯ ಮೇಲೆ ₹6,480 ಎಂದು ಅಚ್ಚಾದ ಮಿಕ್ಸಿಯೊಂದಿದೆ ಎನ್ನಿ. ಡೀಲರ್‌ನಿಂದ ಅಂಗಡಿಗೆ ಅದು ಬಂದದ್ದು ₹2,500ಕ್ಕೆ. 18% ಜಿಎಸ್‌ಟಿ ಸೇರಿ ₹2,950. ವರ್ಷವಿಡೀ ಅಂಗಡಿಯವರು ಮಾರುವುದು ₹3,600ಕ್ಕೆ. ದೀಪಾವಳಿ ಬಂದಾಗ ₹3,240ಕ್ಕೆ ಇಳಿಸಿ, ಗಾಜಿನ ಮೇಲೆ ‘50% ರಿಯಾಯಿತಿ’ ಎಂದು ಅಂಟಿಸುತ್ತಾರೆ. ಗಣಿತದಲ್ಲಿ ತಪ್ಪಿಲ್ಲ. ಆದರೆ ₹6,480 ಕೊಟ್ಟು ಆ ಮಿಕ್ಸಿಯನ್ನು ಯಾರೂ ಒಯ್ದಿಲ್ಲ, ಒಯ್ಯುವುದೂ ಇಲ್ಲ. ನಿನ್ನೆಗೆ ಹೋಲಿಸಿದರೆ ಗಿರಾಕಿಗೆ ಇವತ್ತು ಉಳಿದದ್ದು ₹360, ಅಂದರೆ 10%. ತೆರಿಗೆ ಕಳೆದು ನೋಡಿದರೆ ಈ ‘ಅರ್ಧ ಬೆಲೆ’ಯಲ್ಲೂ ಅಂಗಡಿಗೆ ₹245ರಷ್ಟು ಉಳಿಯುತ್ತದೆ.

ಎಂಆರ್‌ಪಿ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1990ರಲ್ಲಿ ಪೊಟ್ಟಣದ ಸರಕಿಗೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಚ್ಚು ಹಾಕಿಸುವ ನಿಯಮ ಬಂದದ್ದು, ‘ತೆರಿಗೆ ಬೇರೆ’ ಎಂದು ಹೇಳಿ ಅಂಗಡಿಯವರು ಮನಬಂದಷ್ಟು ಕೀಳುವುದನ್ನು ತಡೆಯಲು. ಇವತ್ತಿನ 2011ರ ಪೊಟ್ಟಣ ಸರಕು ನಿಯಮಗಳೂ ಅದನ್ನೇ ಹೇಳುತ್ತವೆ: ಇದಕ್ಕಿಂತ ಹೆಚ್ಚಿಗೆ ಮಾರಿದರೆ ಅಪರಾಧ. ಎಷ್ಟು ಅಚ್ಚು ಹಾಕಬೇಕು ಎಂಬುದನ್ನು ಮಾತ್ರ ಆ ನಿಯಮಗಳು ಕಂಪನಿಗೆ ಬಿಟ್ಟಿವೆ. ಔಷಧಿಗಳಿಗೆ ಬೆಲೆ ನಿಯಂತ್ರಣದ ಪ್ರತ್ಯೇಕ ಆದೇಶವಿದೆ, ಮಿಕ್ಸಿಗೆ ಅಂಥದ್ದಿಲ್ಲ. ಹಾಗಾಗಿ ಎಂಆರ್‌ಪಿ ಎಂದರೆ ಮನೆಯ ಚಾವಣಿ ಇದ್ದಂತೆ. ಚಾವಣಿ ಎಷ್ಟು ಎತ್ತರಕ್ಕಿದೆ ಎಂದು ನೋಡಿ ಒಳಗಿರುವವರ ಎತ್ತರ ಹೇಳಲಾಗದು.

ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅಂಗಡಿಯವರ ಗಮನಕ್ಕೆ ಅದು ಅಷ್ಟಾಗಿ ಬಂದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಒಂದು ವಸ್ತು ಸಾಮಾನ್ಯವಾಗಿ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬ ಬಗ್ಗೆ ಜನರನ್ನು ದಾರಿ ತಪ್ಪಿಸುವುದು ಅನುಚಿತ ವ್ಯಾಪಾರ ಪದ್ಧತಿ. ನೀವು ಹೇಳುವ ಬೆಲೆಯನ್ನು ‘ಇದು ನಮ್ಮ ಬೆಲೆ’ ಎಂದು ಸ್ಪಷ್ಟಪಡಿಸದಿದ್ದರೆ, ಕಾಯ್ದೆ ಅದನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಮಾರುವ ಬೆಲೆ ಎಂದೇ ಓದುತ್ತದೆ. ಅಂದರೆ ಬರೀ ₹6,480ಕ್ಕೆ ಗೀಟು ಎಳೆದು ಪಕ್ಕದಲ್ಲಿ ₹3,240 ಬರೆದವರು, ಪೇಟೆಯಲ್ಲಿ ಅದು ₹6,480ಕ್ಕೆ ಹೋಗುತ್ತಿದೆ ಎಂದು ಹೇಳಿದಂತಾಗುವ ಅಪಾಯವಿದೆ.

ಹಾಗಿದ್ದರೆ ಚೀಟಿಯಲ್ಲಿ ಏನು ಬರೆಯಬೇಕು? ನನ್ನ ಮಟ್ಟಿಗೆ ಇಷ್ಟು ಸಾಕು: ‘ನಮ್ಮ ಅಂಗಡಿಯ ಹಿಂದಿನ ಬೆಲೆ ₹3,600. ಈಗ ₹3,240. ₹360 ಕಡಿಮೆ.’ ಪೆಟ್ಟಿಗೆಯ ಎಂಆರ್‌ಪಿಯನ್ನು ಮುಚ್ಚುವಂತಿಲ್ಲ, ಮುಚ್ಚಬೇಕಾಗಿಯೂ ಇಲ್ಲ. ಅದರಿಂದ ಪರ್ಸೆಂಟ್ ಲೆಕ್ಕ ಹಾಕದಿದ್ದರೆ ಆಯಿತು.

‘ಹಿಂದಿನ ಬೆಲೆ’ಯನ್ನು ಗೊತ್ತು ಮಾಡಲು ಯುರೋಪಿನ ಅಳತೆಯನ್ನು ಎರವಲು ತರಬಹುದು. ಅಲ್ಲಿ 2022ರ ಮೇ 28ರಿಂದ, ರಿಯಾಯಿತಿ ಶುರುವಾಗುವ ಮುಂಚಿನ ಕನಿಷ್ಠ 30 ದಿನಗಳಲ್ಲಿ ಆ ಅಂಗಡಿ ಹಾಕಿದ ಅತಿ ಕಡಿಮೆ ಬೆಲೆಯೇ ಹಿಂದಿನ ಬೆಲೆ. ನಮ್ಮಲ್ಲಿ ಇದು ಕಾನೂನಲ್ಲ, ಆದರೆ ಬಿಲ್ಲಿಂಗ್ ಕಂಪ್ಯೂಟರ್ ಇರುವ ಯಾವ ಅಂಗಡಿಗೂ ಕಷ್ಟವಲ್ಲ. ಆ ಮಾಡೆಲ್‌ನ 30 ದಿನದ ಮಾರಾಟದ ಪಟ್ಟಿ ತೆಗೆಯಿರಿ, ಚೀಟಿಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿದ್ದ ರೇಟುಗಳಲ್ಲಿ ಅತಿ ಕಡಿಮೆಯದನ್ನು ಹಿಡಿಯಿರಿ. ಒಬ್ಬ ಗಿರಾಕಿ ಚೌಕಾಶಿ ಮಾಡಿ ₹3,450ಕ್ಕೆ ಒಯ್ದಿದ್ದರೆ ಅದು ಸೇರುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ಇದ್ದ ಬೆಲೆಯಲ್ಲ. ಗೀರು ಬಿದ್ದ ಡಿಸ್‌ಪ್ಲೇ ಪೀಸೂ ಸೇರುವುದಿಲ್ಲ. ಚೀಟಿ ಬದಲಿಸಿದ ದಿನ ಅದರ ಒಂದು ಫೋಟೋ ತೆಗೆದಿಟ್ಟರೆ, ನಾಳೆ ಯಾರಾದರೂ ಕೇಳಿದರೆ ಪುರಾವೆಯಾಗುತ್ತದೆ.

ಈ ಅಳತೆಯ ಮುಂದೆ ಹಳೇ ಚಾಳಿಯೊಂದು ನಡೆಯುವುದಿಲ್ಲ. ಹಬ್ಬಕ್ಕೆ ಹತ್ತು ದಿನ ಇರುವಾಗ ರೇಟನ್ನು ₹4,200ಕ್ಕೆ ಏರಿಸಿ, ಆಮೇಲೆ ‘₹4,200 ಇದ್ದದ್ದು ₹3,240’ ಎನ್ನುವವರಿದ್ದಾರೆ. 30 ದಿನದ ಕನಿಷ್ಠ ನೋಡಿದರೆ ₹3,600 ಹೊರಗೆ ಬಂದೇ ಬರುತ್ತದೆ. ಜೊತೆಗೆ ಸರಕೂ ಅದೇ ಇರಬೇಕು: ಮೊದಲು ₹3,600ಕ್ಕೆ ಜ್ಯೂಸ್ ಜಾರ್ ಸೇರಿತ್ತು, ಈಗ ₹3,240ಕ್ಕೆ ಜಾರ್ ಇಲ್ಲ ಎಂದಾದರೆ ಅದನ್ನು ರಿಯಾಯಿತಿ ಎನ್ನಲಾಗದು.

ಹಿಂದಿನ ಬೆಲೆಯನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿ ಕೈ ತೊಳೆದುಕೊಳ್ಳುವುದೂ ಆಗದು. ಜರ್ಮನಿಯ ಆಲ್ಡಿ ಜೂಡ್ ಅಂಗಡಿಗಳ ಜಾಹೀರಾತಿನ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಇದನ್ನೇ: 30 ದಿನದ ಕನಿಷ್ಠ ಬೆಲೆಯನ್ನು ನಮೂದಿಸಿದರೆ ಸಾಲದು, ಪರ್ಸೆಂಟನ್ನು ಲೆಕ್ಕ ಹಾಕಬೇಕಾದ್ದೂ ಅದರಿಂದಲೇ.

ಇನ್ನೊಂದು ಸಂಗತಿ. 2025ರ ಸೆಪ್ಟೆಂಬರ್ 22ರಂದು ಎ.ಸಿ.ಗಳ ಜಿಎಸ್‌ಟಿ 28ರಿಂದ 18%ಗೆ ಇಳಿಯಿತು. ತೆರಿಗೆ ಬಿಟ್ಟು ₹30,000 ಇದ್ದ ಎ.ಸಿ. ₹38,400ರಿಂದ ₹35,400ಕ್ಕೆ ಬಂದಂತಾಯಿತು. ಆ ₹3,000 ಬಿಟ್ಟುಕೊಟ್ಟದ್ದು ಸರ್ಕಾರ. ಅದನ್ನು ‘ಹಬ್ಬದ ಕೊಡುಗೆ’ ಎಂದು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವ ಅಂಗಡಿ, ಎಂಆರ್‌ಪಿ ಆಟವನ್ನೇ ಬೇರೆ ಹೆಸರಲ್ಲಿ ಆಡುತ್ತಿದೆ. ತೆರಿಗೆ ಇಳಿದ ಮೇಲಿನ ₹35,400 ಅದರ ಹಿಂದಿನ ಬೆಲೆ, ರಿಯಾಯಿತಿ ಇದ್ದರೆ ಅಲ್ಲಿಂದ ಕೆಳಗೆ.

ವಿರೋಧ: ಹಳೇ ರೇಟು ಪೆಟ್ಟಿಗೆಯ ಅಂಕಿಗಿಂತ ನಂಬಿಕಸ್ತ ಏನಲ್ಲ

₹6,480 ಉಬ್ಬಿದ ಅಂಕಿ ಎಂಬುದರಲ್ಲಿ ನನ್ನ ತಕರಾರಿಲ್ಲ. ಆ ಅಂಕಿಯ ಜಾಗಕ್ಕೆ ತರಲು ಹೊರಟಿರುವ ‘ನಮ್ಮ ಹಿಂದಿನ ಬೆಲೆ’ ಗಿರಾಕಿಗೆ ಹೆಚ್ಚು ಸಹಾಯ ಮಾಡುತ್ತದೆ ಎಂಬುದೇ ನನಗೆ ಒಪ್ಪಿಗೆಯಾಗದು.

ಪಕ್ಕದ ಬೀದಿಯಲ್ಲಿ ಇನ್ನೊಂದು ಅಂಗಡಿ ಇದೆ ಎನ್ನಿ. ಅದೇ ಮಿಕ್ಸಿಯನ್ನು ಅವರು ವರ್ಷವಿಡೀ ₹4,300ಕ್ಕೆ ಮಾರಿದ್ದಾರೆ, ಅದೂ ನಿಜವಾಗಿ, ಬಿಲ್ಲು ಸಮೇತ. ಹಬ್ಬಕ್ಕೆ ₹3,440 ಮಾಡಿದರು. ಅವರ ಪ್ರಾಮಾಣಿಕ ಚೀಟಿ ‘20% ರಿಯಾಯಿತಿ’ ಎನ್ನುತ್ತದೆ, ಮೊದಲಿನ ಅಂಗಡಿಯ ಪ್ರಾಮಾಣಿಕ ಚೀಟಿ ‘10%’ ಎನ್ನುತ್ತದೆ. ಇಬ್ಬರೂ ಸುಳ್ಳಾಡಿಲ್ಲ. ಆದರೆ ಪರ್ಸೆಂಟ್ ನೋಡಿ ಎರಡನೆಯ ಅಂಗಡಿಗೆ ನುಗ್ಗಿದವನು ₹200 ಹೆಚ್ಚು ಕೊಟ್ಟು ಬರುತ್ತಾನೆ. ವರ್ಷವಿಡೀ ಕಡಿಮೆಗೆ ಮಾರಿದವನಿಗೆ ದಂಡ, ದುಬಾರಿ ಮಾರಿದವನಿಗೆ ಬಹುಮಾನ. ಎಂಆರ್‌ಪಿ ಎಷ್ಟೇ ಉಬ್ಬಿದ್ದರೂ ಎರಡೂ ಅಂಗಡಿಯಲ್ಲಿ ಒಂದೇ ಅಂಕಿ. ಅದರ ಮೇಲೆ ಲೆಕ್ಕ ಹಾಕಿದರೆ ಮೊದಲಿನವರದು 50%, ಎರಡನೆಯವರದು ಸುಮಾರು 47%. ಅಗ್ಗದ ಅಂಗಡಿಯೇ ಮುಂದೆ ಬರುತ್ತದೆ. ಹೋಲಿಸಿ ನೋಡುವ ಕೆಲಸಕ್ಕೆ ಆ ಕೆಟ್ಟ ಅಂಕಿಯೇ ಮೇಲು.

ಗಿರಾಕಿ ಪೆಟ್ಟಿಗೆ ತಿರುಗಿಸಿ ಎಂಆರ್‌ಪಿ ನೋಡಬಲ್ಲ. ಕಳೆದ ತಿಂಗಳು ಆ ಅಂಗಡಿ ಎಷ್ಟಕ್ಕೆ ಮಾರಿತು ಎಂಬುದನ್ನು ಅವನು ಎಲ್ಲಿ ನೋಡಬೇಕು? ಅಂಗಡಿಯ ಕಂಪ್ಯೂಟರ್ ಅವನ ಕೈಗೆ ಬರುವುದಿಲ್ಲ. ಫೋಟೋ ತೆಗೆದಿಡುವವರೂ ಅಂಗಡಿಯವರೇ. ಇನ್ನು ಚೌಕಾಶಿ. ನಮ್ಮ ಬಹಳಷ್ಟು ಅಂಗಡಿಗಳಲ್ಲಿ ಚೀಟಿಯ ರೇಟಿಗೆ ಯಾರೂ ಒಯ್ಯುವುದಿಲ್ಲ. ಚೀಟಿಯಲ್ಲಿ ₹3,600 ಇದ್ದು, ತಿಂಗಳಲ್ಲಿ ಮಾರಿದ ಹತ್ತರಲ್ಲಿ ಎಂಟು ₹3,400ರ ಆಸುಪಾಸಿನಲ್ಲಿ ಹೋಗಿದ್ದರೆ, ‘ಚೌಕಾಶಿಯದು ಸೇರುವುದಿಲ್ಲ’ ಎಂಬ ನಿಯಮ ₹3,600 ಅನ್ನು ಮತ್ತೊಂದು ಎಂಆರ್‌ಪಿ ಮಾಡಿಬಿಡುತ್ತದೆ: ಅಚ್ಚಾಗಿದೆ, ಆದರೆ ಯಾರೂ ಕೊಟ್ಟಿಲ್ಲ. ಸಣ್ಣ ಪ್ರಮಾಣದಲ್ಲಿ ಅದೇ ಆಟ.

30 ದಿನದ ಅಳತೆ ನಮ್ಮ ಪಂಚಾಂಗಕ್ಕೂ ಹೊಂದುವುದಿಲ್ಲ. ದಸರಾಕ್ಕೂ ದೀಪಾವಳಿಗೂ ನಡುವೆ ಮೂರು ವಾರವೂ ಇರುವುದಿಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ, ನರಕ ಚತುರ್ದಶಿ 20ಕ್ಕೆ. ದಸರಾದಲ್ಲಿ ₹3,240ಕ್ಕೆ ಮಾರಿ, ನಡುವೆ ₹3,600ಕ್ಕೆ ಹಿಂತಿರುಗಿ, ದೀಪಾವಳಿಗೆ ಮತ್ತೆ ₹3,240 ಮಾಡಿದವರಿಗೆ 30 ದಿನದ ಕನಿಷ್ಠ ಬೆಲೆಯೂ ₹3,240. ರಿಯಾಯಿತಿ ಸೊನ್ನೆ. ಯುರೋಪಿನ ನಿಯಮದಲ್ಲಿ ಹಂತಹಂತವಾಗಿ ಬೆಲೆ ಇಳಿಸುತ್ತಾ ಹೋಗುವವರಿಗೆ ವಿನಾಯಿತಿ ಕೊಡಲು ದೇಶಗಳಿಗೆ ಅವಕಾಶವಿದೆ, ನಡುವೆ ಏರಿಸಿ ಮತ್ತೆ ಇಳಿಸುವವರಿಗಲ್ಲ. ಪರಿಣಾಮ ಊಹಿಸುವುದು ಕಷ್ಟವಲ್ಲ: ದೀಪಾವಳಿಯ ಚೀಟಿ ಚೆನ್ನಾಗಿ ಕಾಣಲೆಂದು ಅಂಗಡಿಯವರು ದಸರಾದಲ್ಲಿ ಬೆಲೆ ಇಳಿಸುವುದನ್ನೇ ಕೈಬಿಡುತ್ತಾರೆ. ನಷ್ಟ ಗಿರಾಕಿಗೆ. ಇದಕ್ಕಿಂತ ಜಾಣರು ಹಬ್ಬಕ್ಕೆ 31 ದಿನ ಮುಂಚೆಯೇ ₹4,200ಕ್ಕೆ ಏರಿಸಿ, ತಿಂಗಳಿಡೀ ಆ ಮಾಡೆಲ್ ಅನ್ನು ಹಿಂದಿನ ಸಾಲಿಗೆ ತಳ್ಳಿ ಕೂರುತ್ತಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿ ಇದನ್ನು ಬಲ್ಲದು. ಹಿಂದಿನ ಬೆಲೆಗೆ ವಸ್ತುವನ್ನು ಗಣನೀಯ ಕಾಲದವರೆಗೆ, ಬಹಿರಂಗವಾಗಿ, ನಿಜವಾಗಿ ಮಾರುವ ಉದ್ದೇಶದಿಂದಲೇ ಇಟ್ಟಿರಬೇಕು ಎನ್ನುತ್ತದೆ. ಉದ್ದೇಶವನ್ನು ಅಳೆಯುವ ಇನ್ಸ್‌ಪೆಕ್ಟರನ್ನು ಎಲ್ಲಿಂದ ತರುವುದು?

ಒಬ್ಬೊಬ್ಬರೇ ಪ್ರಾಮಾಣಿಕರಾಗಲು ಹೊರಟರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. ಅಮೆರಿಕದ ಅಂಗಡಿ ಸರಪಳಿ ಜೆ.ಸಿ. ಪೆನ್ನಿ 2012ರಲ್ಲಿ ಉಬ್ಬಿಸಿದ ಬೆಲೆ ಮತ್ತು ಕೂಪನ್‌ಗಳನ್ನು ಬಿಟ್ಟು ನೇರ ಬೆಲೆ ಹಾಕಿತು. ಆ ವರ್ಷ ಮಾರಾಟ ಕಾಲು ಭಾಗದಷ್ಟು ಕುಸಿಯಿತು. ಅದನ್ನು ತಂದ ಮುಖ್ಯಸ್ಥ ರಾನ್ ಜಾನ್ಸನ್ 2013ರ ಏಪ್ರಿಲ್‌ನಲ್ಲಿ ಹೊರಬಿದ್ದರು. ಅಲ್ಲಿ ಬೇರೆ ಎಡವಟ್ಟುಗಳೂ ಇದ್ದವು, ನಿಜ. ಆದರೂ ಮೊಬೈಲಿನಲ್ಲಿ ಅದೇ ಮಿಕ್ಸಿ ‘50% ಆಫ್’ ಎಂದು ಕಾಣುತ್ತಿರುವಾಗ, ಅದೇ ₹3,240ಕ್ಕೆ ಮಾರುವ ಬೀದಿಯ ಅಂಗಡಿ ‘10%’ ಎಂದು ಬರೆದುಕೊಂಡು ಕೂತರೆ, ಆ ಬಾಗಿಲು ಯಾರು ತಟ್ಟುತ್ತಾರೆ?

ರೋಗ ಇರುವುದು ಅಚ್ಚು ಹಾಕುವಲ್ಲಿ. ದೇಶಕ್ಕೆಲ್ಲ ಒಂದೇ ಎಂಆರ್‌ಪಿ ಆಗಬೇಕಾದ್ದರಿಂದ ಕಂಪನಿ ದೂರದ ಊರಿನ ಸಾಗಣೆ, ಎಲ್ಲ ಹಂತದ ಕಮಿಷನ್ ಸೇರಿಸಿ, ಮೇಲೆ ರಿಯಾಯಿತಿ ತೋರಿಸಲು ಜಾಗವನ್ನೂ ಬಿಟ್ಟು ಅಚ್ಚು ಹಾಕುತ್ತದೆ. ಕಂಪನಿ ಕೊಡುವ ಬೆಲೆಗೂ ಎಂಆರ್‌ಪಿಗೂ ನಡುವಿನ ಅಂತರಕ್ಕೆ ಮಿತಿ ಹಾಕುವುದು ಸಾಧ್ಯವಿಲ್ಲದ್ದೇನಲ್ಲ. 2019ರಲ್ಲಿ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರದ ಲಾಭಾಂಶವನ್ನು 30%ಗೆ ಕಟ್ಟಿಹಾಕಿತು, ಎಂಆರ್‌ಪಿಗಳು ತಾನಾಗಿ ಇಳಿದವು.

ಮಿಕ್ಸಿಗೆ ಅಷ್ಟು ದೂರ ಹೋಗುವುದು ಬೇಡ ಎನ್ನುವುದಾದರೆ ಅಂಗಡಿಯವರಿಗೆ ಇನ್ನೊಂದು ಸುಲಭದ ದಾರಿ ಇದೆ. ಗೀಟು ಎಳೆದ ಅಂಕಿಯೂ ಬೇಡ, ಪರ್ಸೆಂಟೂ ಬೇಡ. ಮಾಡೆಲ್ ನಂಬರು, ಎಷ್ಟು ವಾಟ್, ಎಷ್ಟು ಜಾರು, ಎಷ್ಟು ವರ್ಷದ ವಾರಂಟಿ, ಅದರ ಕೆಳಗೆ ದಪ್ಪಕ್ಷರದಲ್ಲಿ ₹3,240. ಗಿರಾಕಿ ಮಾಡೆಲ್ ನಂಬರನ್ನು ಮೊಬೈಲಿಗೆ ಹಾಕಿ ಎರಡು ನಿಮಿಷದಲ್ಲಿ ಹೋಲಿಸಿಕೊಳ್ಳುತ್ತಾನೆ.