ಬಜೆಟ್ ಶೀಟಿನಲ್ಲಿ ‘ಮಾರ್ಕೆಟಿಂಗ್ ಶೇ. 2’ ಅಂತ ತುಂಬುವ ಮೊದಲು

ಹೋದ ವರ್ಷದ ವಹಿವಾಟಿಗೆ ಶೇ. 2 ಹಾಕು, ಹನ್ನೆರಡರಿಂದ ಭಾಗಿಸು, ಮುಗೀತು. ಬೆಳೆಯುತ್ತಿರುವ ಎಷ್ಟೋ ಕಾರ್ಖಾನೆಗಳ ಮಾರ್ಕೆಟಿಂಗ್ ಬಜೆಟ್ ಹುಟ್ಟುವುದು ಹೀಗೆ. ಆ ಅಂಕಿಗೆ ಹಿಂದೆ ಎಷ್ಟು ಮಾರಿದೆವು ಅನ್ನುವುದಷ್ಟೇ ಗೊತ್ತು, ಮುಂದೆ ಎಷ್ಟು ಮಾರಬೇಕು ಅನ್ನುವುದು ಗೊತ್ತಿಲ್ಲ.

ಲೆಕ್ಕವನ್ನು ಗುರಿಯಿಂದ ಹಿಂದಕ್ಕೆ ಹಾಕಬೇಕು. ಈಗಿನ ವಹಿವಾಟು 100, ಮುಂದಿನ ವರ್ಷದ ಗುರಿ 125 ಅಂತಿಟ್ಟುಕೊಳ್ಳಿ, ಮುಂದೆ ಬರುವ ಹಣದ ಅಂಕಿಗಳೆಲ್ಲ ಇದೇ ಅಳತೆಯಲ್ಲಿ. ತುಂಬಬೇಕಾದದ್ದು 25 ಅಂದುಕೊಂಡರೆ ಅಲ್ಲೇ ಎಡವಿದಿರಿ. ಹಳೇ ಗ್ರಾಹಕರಲ್ಲಿ ಒಬ್ಬಿಬ್ಬರು ಕೈಬಿಡುತ್ತಾರೆ, ಕೆಲವರು ಆರ್ಡರ್ ಇಳಿಸುತ್ತಾರೆ. ಮೂರು ವರ್ಷದ ಸೇಲ್ಸ್ ಲೆಡ್ಜರ್ ತೆಗೆದು ಗ್ರಾಹಕವಾರು ನೋಡಿದಾಗ ಅವರಿಂದ 95 ಮಾತ್ರ ಬರುವಂತೆ ಕಂಡರೆ, ನಿಜವಾದ ಕೊರತೆ 30.

ಹೊಸ ಗ್ರಾಹಕ ಮೊದಲ ವರ್ಷ ಸರಾಸರಿ 1.5ರಷ್ಟು ಆರ್ಡರ್ ಕೊಟ್ಟರೆ 20 ಹೊಸ ಗ್ರಾಹಕರು ಬೇಕು. ನಾಲ್ಕು ಕೊಟೇಶನ್ನಿಗೆ ಒಂದು ಆರ್ಡರ್ ಅಂದರೆ 80 ಕೊಟೇಶನ್. ಬಂದ ಎನ್‌ಕ್ವೈರಿಗಳಲ್ಲಿ ಅರ್ಧ ಮಾತ್ರ ಕೊಟೇಶನ್ ಹಂತಕ್ಕೆ ಬಂದರೆ 160 ಎನ್‌ಕ್ವೈರಿ. ಒಂದೊಂದಕ್ಕೆ 0.02 ಖರ್ಚಾದರೆ 3.2. ಸಂಬಳ, ಕ್ಯಾಟಲಾಗ್, ಸ್ಯಾಂಪಲ್, ವೆಬ್‌ಸೈಟ್ ಸೇರಿ 1.5 ಹೇಗೂ ಇದ್ದೇ ಇದೆ. ಒಟ್ಟು 4.7.

ಶೇ. 2ರ ಪ್ರಕಾರ ಸಿಗುತ್ತಿದ್ದದ್ದು ಬರೀ 2. ಅದರಲ್ಲಿ 1.5 ಸಂಬಳ ಇತ್ಯಾದಿಗೇ ಹೋಯಿತು. ಉಳಿದ 0.5ಕ್ಕೆ 25 ಎನ್‌ಕ್ವೈರಿ, ಅಂದರೆ ಮೂರು ಗ್ರಾಹಕರು. ವರ್ಷದ ಕೊನೆಗೆ ಬೈಗುಳ ತಿನ್ನುವುದು ಮಾತ್ರ ಸೇಲ್ಸ್‌ನವರು!

ಹಾಗಂತ 4.7ಕ್ಕೆ ಸುಮ್ಮನೆ ಸಹಿ ಹಾಕುವುದೂ ತಪ್ಪು. ಒಬ್ಬ ಗ್ರಾಹಕನನ್ನು ತರಲು ಸುಮಾರು 0.24 ಬೀಳುತ್ತದೆ. ಕಚ್ಚಾಮಾಲು, ನೇರ ಖರ್ಚು ಕಳೆದು 1.5ರಲ್ಲಿ ಶೇ. 30 ಉಳಿದರೆ 0.45, ಮೊದಲ ವರ್ಷವೇ ದುಡ್ಡು ವಾಪಸ್. ಶೇ. 12 ಮಾತ್ರ ಉಳಿಯುವ ಮಾಲಾದರೆ 0.18, ಮೊದಲ ವರ್ಷ ಕೈಯಿಂದಲೇ ಹಾಕಬೇಕು. ಆಗ ರಿಪೀಟ್ ಆರ್ಡರ್ ಬರುವವರೆಗೆ ತಡೆದುಕೊಳ್ಳುವಷ್ಟು ನಗದು ಇದೆಯೇ ಅಂತ ಅಕೌಂಟ್ಸ್‌ನವರನ್ನು ಕೇಳಿಯೇ ಮುಂದುವರಿಯಿರಿ. ಪ್ರೊಡಕ್ಷನ್‌ನವರನ್ನೂ ಕೇಳಿ. ಶಾಪ್‌ಫ್ಲೋರಿನ ಅತಿ ನಿಧಾನದ ಮೆಷಿನ್ 116ಕ್ಕೇ ನಿಲ್ಲುವುದಾದರೆ ಕೊರತೆ 21, ಬೇಕಾದದ್ದು 14 ಗ್ರಾಹಕರು, 112 ಎನ್‌ಕ್ವೈರಿ. ಅದಕ್ಕಿಂತ ಹೆಚ್ಚು ತಂದರೆ ಡೆಲಿವರಿ ತಡವಾಗಿ ಹಳಬರೂ ಹೋಗುತ್ತಾರೆ.

ಇನ್ನು ಆ ‘ಹನ್ನೆರಡರಿಂದ ಭಾಗಿಸು’. ಎನ್‌ಕ್ವೈರಿಯಿಂದ ಆರ್ಡರಿಗೆ ಆರು ತಿಂಗಳು ಹಿಡಿಯುವ ಮಾಲಿಗೆ, ಆರನೇ ತಿಂಗಳ ನಂತರದ ಖರ್ಚು ಈ ವರ್ಷದ ಗುರಿಗೆ ನಯಾಪೈಸೆ ಸೇರಿಸುವುದಿಲ್ಲ, ಅದು ಮುಂದಿನ ವರ್ಷದ ಬಿತ್ತನೆ. ಈ ವರ್ಷದ ಮೊದಲ ತಿಂಗಳುಗಳ ಆರ್ಡರ್ ಬರಬೇಕಾದದ್ದು ಈಗಾಗಲೇ ಕೈಯಲ್ಲಿರುವ ಕೊಟೇಶನ್‌ಗಳಿಂದ. ಖರ್ಚು ಕಡಿತ ಮಾಡಿದವರಿಗೆ ಮೊದಲ ಆರು ತಿಂಗಳು ಏನೂ ಆಗಿಲ್ಲ ಅನ್ನಿಸುವುದೂ ಇದಕ್ಕೇ.

ನಿಮ್ಮಲ್ಲಿ ಎಷ್ಟು ತಿಂಗಳು ಅಂತ ಊಹಿಸಬೇಡಿ. ಕಳೆದ 21 ಹೊಸ ಗ್ರಾಹಕರ ಮೊದಲ ಎನ್‌ಕ್ವೈರಿ ತಾರೀಖು, ಮೊದಲ ಇನ್‌ವಾಯ್ಸ್ ತಾರೀಖು ಅಕ್ಕಪಕ್ಕ ಬರೆದು, ಅಂತರವನ್ನು ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿಯಿರಿ. ಸರಾಸರಿ ಬೇಡ, ಎರಡು ವರ್ಷ ಎಳೆದಾಡಿದ ಒಬ್ಬನೇ ಅದನ್ನು ಕೆಡಿಸಿಬಿಡುತ್ತಾನೆ.